ಮೊದಲು ಹೇಳಿದವರ ಎಲೆ

ಗುತ್ತಿಗಾರಿನ ಪೂವಮ್ಮನಿಗೆ ದೇವರು ಇನ್ನೂರೈವತ್ತು ರಬ್ಬರ್ ಮರ, ಒಬ್ಬಳೇ ಮಗಳು ಮತ್ತು ಇಡೀ ಊರಿಗೆ ಸಾಕಾಗುವಷ್ಟು ಸ್ವಾಭಿಮಾನ ಕೊಟ್ಟಿದ್ದ. ಗಂಡನನ್ನು ಮಾತ್ರ ಬೇಗ ಕರೆಸಿಕೊಂಡ. ಹದಿನೆಂಟು ವರ್ಷ ತಾನೇ ಮರ ಕೆತ್ತಿ, ಹಾಲು ಹೆಪ್ಪು ಹಾಕಿ, ಶೀಟು ಒಣಗಿಸಿ ಮಾರಿ ಮಗಳು ಮೋಕ್ಷಿತಾಳನ್ನು ಓದಿಸಿದಳು. ಆ ಮೋಕ್ಷಿತಾ ಪುತ್ತೂರಿನಲ್ಲಿ ಕೆಲಸಕ್ಕೆ ಸೇರಿ, ದರ್ಬೆಯ ಯಜ್ಞೇಶ್ವರ ಭಟ್ಟರ ಮಗ ಶಶಾಂಕನನ್ನು ಮೆಚ್ಚಿದಳು. ಜಾತಿ ಬೇರೆ, ಮನೆಮಾತು ಬೇರೆ. ಎರಡು ವರ್ಷ ಎರಡೂ ಮನೆಯಲ್ಲಿ ಮುಖ ಊದಿಸಿಕೊಂಡದ್ದಾಯಿತು, ಕೊನೆಗೆ ಎರಡೂ ಮನೆಯವರು ಒಪ್ಪಿದ್ದೂ ಆಯಿತು. ನಿಜವಾದ ಕಷ್ಟ ಶುರುವಾದದ್ದು ಖರ್ಚಿನ ಮಾತಿಗೆ ಕೂತಾಗ.

ಮಾತುಕತೆ ಪೂವಮ್ಮನ ಜಗಲಿಯಲ್ಲಿ. ಆ ಕಡೆಯಿಂದ ಯಜ್ಞೇಶ್ವರ ಭಟ್ಟರು ಮತ್ತು ಅವರ ಮಗಳು ದೀಪಶ್ರೀ. ಈ ಕಡೆಯಿಂದ ಪೂವಮ್ಮ ಮತ್ತು ಅವಳ ತಮ್ಮ ಜಯಪ್ರಕಾಶ್. ಭಟ್ಟರು ಹೊಸಬರೇನಲ್ಲ. ಗುತ್ತಿಗಾರಿನ ಸುತ್ತಲಿನ ಶಾಲೆಗಳಲ್ಲೇ ಇಪ್ಪತ್ತೆರಡು ವರ್ಷ ಪಾಠ ಮಾಡಿ ನಿವೃತ್ತರಾದವರು, ಊರಿಗೆಲ್ಲ ಮಾಷ್ಟ್ರು.

ದೀಪಶ್ರೀ ಪುಸ್ತಕ ತೆಗೆದು ಓದಿದಳು. ಮದುವೆ ಬೆಳ್ಳಾರೆಯ ಸಭಾಭವನದಲ್ಲಿ. ಅಡುಗೆಯವರ ದರ ಎಲೆಗೆ ಇನ್ನೂರ ಹತ್ತು ರೂಪಾಯಿ. ಗಂಡಿನ ಕಡೆ ಇನ್ನೂರ ಅರುವತ್ತು ಜನ, ಹೆಣ್ಣಿನ ಕಡೆ ಆರುನೂರ ನಲವತ್ತು. ಒಟ್ಟು ಒಂಬೈನೂರು ಎಲೆ.

"ಎಲ್ಲಾ ಅರ್ಧ ಅರ್ಧ ಹಾಕುವ ಪೂವಮ್ಮಕ್ಕ" ಎಂದರು ಮಾಷ್ಟ್ರು. "ಈಗ ಎಲ್ಲ ಕಡೆ ಹಾಗೇ ಮಾಡುದು. ಲೆಕ್ಕ ಸುಲಭ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಪೂವಮ್ಮ ರಬ್ಬರ್ ಶೀಟಿನ ತೂಕದಲ್ಲಿ ವ್ಯಾಪಾರಿಗಳಿಗೇ ಬೆವರಿಳಿಸಿದವಳು. ಅರ್ಧ ಅಂದರೆ ತನ್ನ ಕಡೆಯವರ ಊಟದಲ್ಲಿ ಸುಮಾರು ನಲವತ್ತು ಸಾವಿರ ಬೀಗರ ಕಿಸೆಯಿಂದ ಹೋಗುತ್ತದೆ ಎಂದು ಅವಳಿಗೆ ಪೆನ್ನಿಲ್ಲದೆಯೇ ಗೊತ್ತಾಯಿತು.

"ಬೇಡ ಮಾಷ್ಟ್ರೆ. ನನ್ನ ಕಡೆ ಜನ ಜಾಸ್ತಿ ಉಂಟು. ನಿಮಗೆ ಅದು ನಷ್ಟ."

"ನಷ್ಟ ಎಂತದ್ದು? ಇಲ್ಲದಿದ್ರೆ ಜನ ಸ್ವಲ್ಪ ಕಡಿಮೆ ಮಾಡಿದ್ರೂ ಆಗ್ತದೆ."

"ಮೋಕ್ಷಿತಾಳ ಅಪ್ಪ ತೀರಿಹೋದ ದಿನ ನಮ್ಮ ಅಂಗಳದಲ್ಲಿ ನಿಂತವರು ಇವರು. ಆಗ ನಾನು ಯಾರನ್ನೂ ಕಡಿಮೆ ಮಾಡ್ಲಿಲ್ಲ. ಈಗ ಯಾರ ಹೆಸರಿಗೆ ಗೀಟು ಹಾಕುದು?" ಎಂದಳು ಪೂವಮ್ಮ. "ನನ್ನ ಮಗಳ ಮದುವೆಗೆ ನಾನು ಕರೆದವರು ನನ್ನ ಊಟ ಉಣ್ಣಬೇಕು. ಅಷ್ಟೇ ನನ್ನ ಆಸೆ."

ಹಂಗಿನರಮನೆಗಿಂತ ಗುಡಿಸಲೇ ಲೇಸು ಎಂಬ ಗಾದೆಯನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮುಖದಲ್ಲೇ ಬರೆದಿತ್ತು.

ಹಾಗಾಗಿ ಒಪ್ಪಂದ ಬೇರೆಯೇ ಆಯಿತು. ಸಭಾಭವನದ ಬಾಡಿಗೆ ಅರ್ಧ ಅರ್ಧ. ಪುರೋಹಿತರು, ಹೋಮ, ದಕ್ಷಿಣೆ ಗಂಡಿನ ಕಡೆಯದು. ಮನೆಯ ಚಪ್ಪರ, ಮದರಂಗಿ, ಊರುಗೌಡರು ನಡೆಸುವ ವೀಳ್ಯಶಾಸ್ತ್ರ, ಮದುವೆ ಕಳೆದ ಮೇಲೆ ಮನೆಯಲ್ಲಿ ಮಾಡುವ ಕೋಳಿ ಊಟ ಹೆಣ್ಣಿನ ಕಡೆಯದು. ಸಭಾಭವನದ ಊಟ ಮಾತ್ರ ಎಲೆ ಲೆಕ್ಕ, ಯಾರ ಕಡೆಯ ಎಲೆಯೋ ಅವರದ್ದೇ ದುಡ್ಡು.

"ಎರಡೂ ಕಡೆಗೆ ಬೇಕಾದವರು ಇದ್ದಾರಲ್ಲ?" ಎಂದು ದೀಪಶ್ರೀ ಕೇಳಿದಳು. "ಅಪ್ಪನ ಹಳೆ ವಿದ್ಯಾರ್ಥಿಗಳ ಮನೆ ಇಲ್ಲಿ ಸುಮಾರು ಉಂಟು. ಅವರು ಯಾರ ಎಲೆ?"

ಎಣಿಸಿದರೆ ಅಂಥವು ನಲವತ್ತಾರು ಮನೆ. ಎಲ್ಲವೂ ಈಗ ಪೂವಮ್ಮನ ಪಟ್ಟಿಯಲ್ಲಿದ್ದವು. ಮಾಷ್ಟ್ರು ತಮ್ಮವರೆಂದರು, ಪೂವಮ್ಮ ತನ್ನವರೆಂದಳು. ಜಯಪ್ರಕಾಶ್‌ಗೆ ಹಸಿವಾಗಿತ್ತು.

"ಯಾರು ಮೊದಲು ಮನೆಗೆ ಹೋಗಿ ಹೇಳಿಕೆ ಹೇಳ್ತಾರೋ ಅವರ ಎಲೆ. ಮುಗೀತಲ್ಲ?" ಎಂದ.

ಆ ಸೀಮೆಯಲ್ಲಿ ಮದುವೆಗೆ ಕರೆಯುವುದೆಂದರೆ ಮನೆ ಬಾಗಿಲಿಗೆ ಹೋಗಿ, ಕೂತು, ಬಾಯಿಬಿಟ್ಟು ಹೇಳಬೇಕು. ಮೊಬೈಲಿಗೆ ಕಾಗದ ಕಳಿಸಿದರೆ ನೋಡುತ್ತಾರೆ, ಹೆಬ್ಬೆರಳು ಎತ್ತುತ್ತಾರೆ, ಬರುವುದಿಲ್ಲ. ಹೇಳಿಕೆ ಇಲ್ಲದ ಮನೆಗೆ ಊಟವೂ ಇಲ್ಲ. ಆದ್ದರಿಂದ ಜಯಪ್ರಕಾಶನ ಸೂತ್ರ ಇಬ್ಬರಿಗೂ ನ್ಯಾಯವಾಗಿ ಕಂಡಿತು. "ಆಗಬಹುದು" ಎಂದು ಮೊದಲು ಹೇಳಿದವಳು ಪೂವಮ್ಮನೇ.

ಮಾರನೆಯ ಬೆಳಗಿನಿಂದ ಶುರುವಾಯಿತು ನೋಡಿ ಓಟ.

ಸಾಮಾನ್ಯವಾಗಿ ಖರ್ಚು ತಪ್ಪಿಸಿಕೊಳ್ಳಲು ಜನ ಓಡುತ್ತಾರೆ. ಖರ್ಚು ಹಿಡಿಯಲು ಓಡಿದವರನ್ನು ಊರು ಮೊದಲ ಸಲ ಕಂಡಿತು. ಪೂವಮ್ಮ ಮರ ಕೆತ್ತಿ ಮುಗಿಸಿದ ಕೂಡಲೇ ಸೀರೆ ಬದಲಿಸಿ, ತಮ್ಮನ ಜೀಪು ಹತ್ತುತ್ತಿದ್ದಳು. ಅಷ್ಟರಲ್ಲಿ ಮಾಷ್ಟ್ರು ಪುತ್ತೂರಿನಿಂದ ಸ್ಕೂಟರಿನಲ್ಲಿ ಬಂದು ಎರಡು ಮನೆ ಮುಗಿಸಿರುತ್ತಿದ್ದರು. ಅರುವತ್ತೆಂಟರ ಪ್ರಾಯದಲ್ಲಿ ಅವರು ಮಣ್ಣಿನ ರಸ್ತೆಯ ಏರು ಹತ್ತುವ ಉಮೇದು ನೋಡಿ ಹಳೆಯ ಶಿಷ್ಯರು ದಂಗಾದರು. ಕೆಲವು ಮನೆಗಳಿಗೆ ಇಬ್ಬರೂ ಹೋಗಿ, ಒಬ್ಬೊಬ್ಬರಿಗೂ ಪ್ರತ್ಯೇಕ ಶರಬತ್ತು ಮಾಡಬೇಕಾಗಿ ಬಂತು.

"ನಿನ್ನೆಯೇ ಮಾಷ್ಟ್ರು ಹೇಳಿ ಹೋದ್ರಲ್ಲ ಪೂವಮ್ಮಕ್ಕ" ಎಂದು ಮಾಷ್ಟ್ರ ಹಳೆ ಶಿಷ್ಯೆ ಭವಿತಾಳ ಮನೆಯಲ್ಲಿ ಹೇಳಿದಾಗ ಪೂವಮ್ಮ ಶರಬತ್ತಿನ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. ಆದರೂ ಒಪ್ಪಿದ ಮಾತು ಮಾತೇ. ಮೂರು ಎಲೆ ಅವರಿಗೆ ಹೋಯಿತೆಂದು ಪಟ್ಟಿಯಲ್ಲಿ ತಾನೇ ಗುರುತು ಹಾಕಿದಳು.

ನಾಲ್ಕನೆಯ ದಿನ ತನ್ನ ಮನೆಯ ಕೆಳಗಿನ ತಿರುವಿನಲ್ಲಿ ರುಖಿಯಮ್ಮನ ಗೇಟಿನ ಎದುರು ಮಾಷ್ಟ್ರ ಸ್ಕೂಟರ್ ನಿಂತದ್ದು ಕಂಡಿತು. ರುಖಿಯಮ್ಮ ಒಂಟಿ, ಬೇರೆ ಮನೆ ಮಾಡಿಕೊಂಡ ಅವರ ಮಗ ಮುನವ್ವರ್ ಮಾಷ್ಟ್ರ ಶಿಷ್ಯ, ಗೊತ್ತಿದ್ದ ವಿಷಯವೇ. 'ಅಯ್ಯೋ, ಪಕ್ಕದ ಮನೆಯನ್ನೇ ಬಿಟ್ಟುಕೊಟ್ಟೆನಲ್ಲ' ಎಂದು ಪೂವಮ್ಮ ಹಲ್ಲು ಕಚ್ಚಿ, ನೆರೆಯವರೆಂದು ಪಟ್ಟಿಯಲ್ಲಿ ಇನ್ನೂ ಬರೆಯದಿದ್ದ ಆ ಹೆಸರನ್ನು ಹಾಗೇ ಬಿಟ್ಟು, ಜೀಪನ್ನು ಮುಂದಕ್ಕೆ ಬಿಡಿಸಿದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಸಭಾಭವನದಲ್ಲಿ ಅಡುಗೆಯವರಿಗೆ ಕೊನೆಯ ಲೆಕ್ಕ ಕೊಡಬೇಕಿತ್ತು. ದೀಪಶ್ರೀ ಎರಡೂ ಪಟ್ಟಿ ಎದುರಿಟ್ಟುಕೊಂಡು ಕೂತಳು. ನಲವತ್ತಾರರಲ್ಲಿ ಇಪ್ಪತ್ತೊಂಬತ್ತು ಮನೆ ಪೂವಮ್ಮನಿಗೆ, ಹದಿನೇಳು ಮಾಷ್ಟ್ರಿಗೆ. ಮನೆಗೆ ಮೂರರಂತೆ ಐವತ್ತೊಂದು ಎಲೆ ಆ ಕಡೆಗೆ ಸರಿದಿತ್ತು. ಪೂವಮ್ಮನವು ಐನೂರ ಎಂಬತ್ತೊಂಬತ್ತು.

"ಗೆದ್ದೆ" ಎಂದಳು ಪೂವಮ್ಮ, ತಮ್ಮನಿಗೆ ಮಾತ್ರ ಕೇಳುವಂತೆ.

ಮದರಂಗಿ ಹಚ್ಚಿದ ಕೈಯನ್ನು ಯಾರಿಗೂ ತಾಗಿಸದ ಹಾಗೆ ಎತ್ತಿಕೊಂಡು ಮೋಕ್ಷಿತಾ ಬಂದು ಪಟ್ಟಿಯ ಮೇಲೆ ಬಗ್ಗಿದಳು. ಹುಡುಕಿದಳು. ಮತ್ತೆ ಹುಡುಕಿದಳು.

"ರುಖಿಯಮ್ಮ ಯಾರ ಪಟ್ಟಿಯಲ್ಲಿ?"

"ಮಾಷ್ಟ್ರ ಪಟ್ಟಿಯಲ್ಲಿ" ಎಂದಳು ಪೂವಮ್ಮ.

"ಪೂವಮ್ಮಕ್ಕನ ಪಟ್ಟಿಯಲ್ಲಿ" ಎಂದರು ಮಾಷ್ಟ್ರು, ಅದೇ ಉಸಿರಿನಲ್ಲಿ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಿಮ್ಮ ಸ್ಕೂಟರ್ ಅಲ್ಲಿ ಇತ್ತಲ್ಲ ಮಾಷ್ಟ್ರೆ?"

"ಟಯರ್ ಪಂಚರ್ ಆಗಿತ್ತು. ಮುನವ್ವರ್ ಸರಿ ಮಾಡಿಕೊಟ್ಟ. ನಿಮ್ಮ ನೆರೆಮನೆ ಅದು, ನೀವು ಮೊದಲ ದಿನವೇ ಹೇಳಿರ್ತೀರಿ ಅಂತ ನಾನು ಬಾಯಿ ಬಿಡಲಿಲ್ಲ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ಬೀಗರ ಪಂದ್ಯದಲ್ಲಿ ಬಡವಾದದ್ದು ಯಾರು ನೋಡಿ. ಪೂವಮ್ಮ ಮುಂಜಾನೆ ಮರ ಕೆತ್ತಲು ಹೋಗುವಾಗ ಮೂರು ವರ್ಷದ ಮೋಕ್ಷಿತಾಳನ್ನು ಹೊದಿಕೆ ಸಮೇತ ಎತ್ತಿ ಮಲಗಿಸುತ್ತಿದ್ದದ್ದು ರುಖಿಯಮ್ಮನ ಪಕ್ಕದಲ್ಲಿ. ಒಂದು ವರ್ಷ ಅಲ್ಲ, ಏಳು ವರ್ಷ. ಅದಕ್ಕೆ ರುಖಿಯಮ್ಮ ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ. ಐನೂರ ಎಂಬತ್ತೊಂಬತ್ತು ಎಲೆ ಗೆದ್ದು ಆ ಒಂದು ಎಲೆಯನ್ನು ಮರೆತವಳು ತಾನು ಎಂದು ಪೂವಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅಮ್ಮ, ಅವರು ಬಾರದೆ ನಾನು ಮಂಟಪಕ್ಕೆ ಬರುದಿಲ್ಲ" ಎಂದಳು ಮೋಕ್ಷಿತಾ. ಧ್ವನಿ ಏರಿಸಿ ಹೇಳಿದ್ದಲ್ಲ. ಅದಕ್ಕೇ ಪೂವಮ್ಮ ಹೆದರಿದಳು.

ಮಾಷ್ಟ್ರು ಆಗಲೇ ಎದ್ದಿದ್ದರು. "ನಡೀರಿ. ಒಟ್ಟಿಗೇ ಹೋಗುವ."

ಬೀಗರಿಬ್ಬರೂ ಜೀಪು ಹತ್ತಿ ಬೆಳ್ಳಾರೆಯಿಂದ ಗುತ್ತಿಗಾರಿಗೆ ಬಂದರು. ರುಖಿಯಮ್ಮ ಜಗಲಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಜೀಪು ಕಂಡರೂ ತಲೆ ಎತ್ತಲಿಲ್ಲ.

"ಬನ್ನಿ ಕೂತ್ಕೊಳ್ಳಿ. ಮದುವೆ ಮನೆಯವರಿಗೆ ಪುರುಸೊತ್ತು ಸಿಕ್ಕಿತಾ?"

ಪೂವಮ್ಮ ಕೂರಲಿಲ್ಲ. "ತಪ್ಪಾಯಿತು ರುಖಿಯಮ್ಮ. ಅವರು ಹೇಳಿರಬೇಕು ಅಂತ ನಾನು, ನಾನು ಹೇಳಿರಬೇಕು ಅಂತ ಅವರು."

"ಒಂದು ವಾರ ಗೇಟಿನ ಸದ್ದಿಗೆ ಎದ್ದು ಎದ್ದು ನೋಡಿದೆ. ಮೇಲಿನ ಮನೆಗೂ ಹೋದ್ರಿ, ಕೆಳಗಿನ ಮನೆಗೂ ಹೋದ್ರಿ. ಪಂಚರ್ ಹಾಕಿಸಿದವರೂ ಹಾಗೇ ಹೋದ್ರು." ಅವರು ಮೊರ ಬದಿಗಿಟ್ಟರು. "ಮುದುಕಿ ಎಂತಕ್ಕೆ ಅಂತ ಬಿಟ್ಟಿರಬೇಕು ಅಂದ್ಕೊಂಡೆ."

"ನೀವಿಲ್ಲದಿದ್ರೆ ನನಗೆ ಮರ ಕೆತ್ತಲಿಕ್ಕೆ ಆಗ್ತಿತ್ತಾ? ಮಗಳನ್ನು ಓದಿಸಲಿಕ್ಕೆ ಆಗ್ತಿತ್ತಾ?" ಪೂವಮ್ಮನ ಕಣ್ಣಲ್ಲಿ ನೀರು ಬಂತು. ಗಂಡನ ಹನ್ನೊಂದನೆಯ ದಿನದ ನಂತರ ಅವಳು ಜನರೆದುರು ಅತ್ತದ್ದು ಇದೇ ಮೊದಲು.

ರುಖಿಯಮ್ಮ ಕೇಳಿದರು. "ಅದು ಹಾಗಿರಲಿ. ಈಗ ಹೇಳಿಕೆ ಯಾರದ್ದು? ಊರಲ್ಲೆಲ್ಲ ಸುದ್ದಿ ಉಂಟು, ಮೊದಲು ಹೇಳಿದವರ ಎಲೆಯಂತೆ. ನಾನು ಯಾರ ಎಲೆ?"

ಮಾಷ್ಟ್ರು ಪೂವಮ್ಮನ ಕಡೆ ನೋಡಿದರು. ಇದೊಂದನ್ನು ಅವಳಿಗೇ ಬಿಟ್ಟುಕೊಡುವುದು ಅವರ ಮನಸ್ಸಿನಲ್ಲಿತ್ತು. ಬಾಯಿ ತೆರೆದು 'ನನ್ನದು' ಎಂದರೆ ಸಾಕು, ಇನ್ನೊಂದು ಎಲೆ ಅವಳದ್ದೇ. ಆದರೆ ಹಾಗೆ ಲೆಕ್ಕ ಹಾಕಿಯೇ ಈ ಬಾಗಿಲು ತಪ್ಪಿದ್ದು.

"ಇಬ್ಬರೂ ಒಟ್ಟಿಗೆ ಬಂದಿದ್ದೇವೆ. ಇಬ್ಬರದ್ದೂ" ಎಂದಳು ಪೂವಮ್ಮ.

"ಹಾಗಾದರೆ ಬರ್ತೇನೆ" ಎಂದು ರುಖಿಯಮ್ಮ ಎದ್ದು, ಒಳಗಿನಿಂದ ಒಂದು ಪೊಟ್ಟಣ ತಂದು ತೋರಿಸಿದರು. ಮೋಕ್ಷಿತಾಳಿಗೆ ಸೀರೆ. ಹೇಳಿಕೆ ಬರುವ ಮೊದಲೇ, ಸುಳ್ಯಕ್ಕೆ ಬಸ್ಸಿನಲ್ಲಿ ಹೋಗಿ ತಂದದ್ದು.

ಮರುದಿನ ಪುರೋಹಿತರ ಹೋಮವೂ ಆಯಿತು, ಊರುಗೌಡರ ವೀಳ್ಯವೂ ಆಯಿತು, ಸೋದರಮಾವ ಜಯಪ್ರಕಾಶ್ ಹೆಣ್ಣನ್ನು ಮಂಟಪಕ್ಕೆ ತಂದದ್ದೂ ಆಯಿತು. ಊಟದ ಹೊತ್ತಿಗೆ ಪೂವಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗುತ್ತಿಗಾರಿನ ಜನ ಸಾಲು ಸಾಲಾಗಿ ಕೂತು ಅವಳ ಅನ್ನ ಉಣ್ಣುತ್ತಿದ್ದರು. ಎದೆ ತುಂಬಿ ಬಂತು. ಮೊದಲ ಪಂಕ್ತಿಯಲ್ಲಿ ರುಖಿಯಮ್ಮ, ಅವರ ಎಲೆಗೆ ಪಾಯಸ ಬಡಿಸುತ್ತಿದ್ದವರು ಸ್ವತಃ ಮಾಷ್ಟ್ರು.

ಸಂಜೆ ಅಡುಗೆಯವರಿಗೆ ದುಡ್ಡು ಕೊಡುವಾಗ ದೀಪಶ್ರೀ ಒಂದು ಕ್ಷಣ ಪೆನ್ನು ತಡೆದಳು.

"ರುಖಿಯಮ್ಮನ ಒಂದು ಎಲೆ ಉಳಿದಿದೆ ಅತ್ತೆ. ಇನ್ನೂರ ಹತ್ತು ರೂಪಾಯಿ. ಅಪ್ಪ ನಿಮ್ಮ ಲೆಕ್ಕಕ್ಕೆ ಬರೀಲಿಕ್ಕೆ ಹೇಳಿದ್ದಾರೆ, ನೀವೇ ಮೊದಲು ಮಾತಾಡಿದ್ದಂತೆ."

ಪೂವಮ್ಮ ಸೊಂಟದ ಚೀಲದಿಂದ ನೂರರ ಒಂದು ನೋಟು, ಐದರ ಒಂದು ನಾಣ್ಯ ತೆಗೆದು ಮೇಜಿನ ಮೇಲಿಟ್ಟಳು.

"ಉಳಿದ ನೂರೈದು ನಿನ್ನ ಅಪ್ಪನ ಹತ್ರ ಕೇಳು ಮಗಾ. ಇದು ಅರ್ಧ ಅರ್ಧ."