ಬಿಡುವ ಕಲಮಿನಲ್ಲಿ ಭಾಗ್ಯಶ್ರೀ

ಶುಕ್ರವಾರ ಸಹಿ ಎಂದು ಬ್ಯಾನರು ಅಚ್ಚಾಗಿ ಬಂದಿತ್ತು. ಸಹಿ ಹಾಕಬೇಕಾದ ಒಪ್ಪಂದ ಮಾತ್ರ ಇನ್ನೂ ತಿದ್ದುಪಡಿಯಲ್ಲಿತ್ತು. ಧಾರವಾಡದ ಆ ವಿಶ್ವವಿದ್ಯಾಲಯದ ಪದ್ಧತಿಯೇ ಹಾಗೆ: ಮೊದಲು ಶಾಲು, ಹಾರ, ಕಾಗದ ಆಮೇಲೆ.

ತಿದ್ದುವ ಹೊಣೆ ಸಸ್ಯಶಾಸ್ತ್ರದ ಪ್ರಾಧ್ಯಾಪಕಿ ನಾಗರತ್ನಾ ಅವರ ಕೊರಳಿಗೆ ಬಿದ್ದಿತ್ತು. ಪುಣೆಯ ವಿಶ್ವವಿದ್ಯಾಲಯವೊಂದರ ಜೊತೆಗಿನ ಹಳೆಯ ಒಪ್ಪಂದದಲ್ಲಿ ‘ಉಭಯರೂ ಸಹಕರಿಸಲು ಪ್ರಯತ್ನಿಸುವರು’ ಎಂಬ ಹಾರಿಕೆಯ ಮಾತಿತ್ತೇ ಹೊರತು ಯಾರು ಏನು ಕೊಡಬೇಕು, ಎಷ್ಟು ವರ್ಷ ಎಂಬುದಿರಲಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಬಿಡಬಹುದಿತ್ತು. ಪುಣೆಯವರು ಬಿಟ್ಟರು. ನಾಗರತ್ನಾ ಅವರ ಶಿಷ್ಯೆ ಭಾಗ್ಯಶ್ರೀ, ಹತ್ತಿ ರೋಗದ ಸಂಶೋಧನೆಯನ್ನು ಅಲ್ಲಿಯ ಪ್ರಯೋಗಾಲಯದಲ್ಲಿ ಅರ್ಧಕ್ಕೇ ಬಿಟ್ಟು ಮರಳಿದಳು. ಅವಳ ಪಿಎಚ್‌.ಡಿ. ಅವಧಿ ಮುಗಿಯುತ್ತ ಬಂದಿತ್ತು. ಅವಳ ಕೆಲಸ ಮುಗಿಯಲೇಬೇಕೆಂದು ನಾಗರತ್ನಾ ಹಟ ಹಿಡಿದಿದ್ದರು.

ಅದೇ ಪುಣೆಯವರ ಜೊತೆಗಿನ ಹೊಸ ಕರಡಿನಲ್ಲಿ ಎಲ್ಲವನ್ನೂ ಬಿಗಿ ಮಾಡಿದರು. ಪ್ರತಿ ವರ್ಷ ಆ ಕಡೆ ಇಬ್ಬರು, ಈ ಕಡೆ ಇಬ್ಬರು ವಿದ್ಯಾರ್ಥಿಗಳು. ಅವಧಿ ಐದು ವರ್ಷ. ಆಮೇಲೆ ಬಿಡುವ ಕಲಮು: ಬಿಡುವುದಾದರೆ ಆರು ತಿಂಗಳ ಲಿಖಿತ ನೋಟಿಸು. ಬಿಟ್ಟರೂ ‘ಈ ಒಪ್ಪಂದದಡಿ ಬಂದವರಿಗೆ’ ಕೆಲಸ ಮುಗಿಯುವವರೆಗೆ ಪ್ರಯೋಗಾಲಯ, ಹಾಸ್ಟೆಲ್ ಎರಡೂ ಸಿಗತಕ್ಕದ್ದು. ಕಾನೂನು ವಿಭಾಗವೂ ಹೂಂ ಅಂದಿತು.

ಬುಧವಾರ ಕುಲಸಚಿವ ಅಮರೇಶ ಅವರ ಕೋಣೆಯಲ್ಲಿ ಕೊನೆಯ ಓದು. ಪುಣೆಯ ವಿಶ್ವವಿದ್ಯಾಲಯದ ಪರವಾಗಿ ಬಂದವರು ಪ್ರತಾಪ, ಹುಟ್ಟಿದ್ದು ಇಲ್ಲೇ ಹತ್ತಿರದ ನಮ್ಮ ಬೆಂಗೇರಿಯಲ್ಲಿ.

“ಮೇಡಂ, ಭಾಗ್ಯಶ್ರೀ ಬಂದಾಕಿ ಹಳೇ ಒಪ್ಪಂದದಾಗ. ಇದರಾಗ ಆಕಿ ಬರೂದಿಲ್ಲಲ್ರಿ?” ಎಂದರು ಪ್ರತಾಪ.

ನಾಗರತ್ನಾ ‘ಈ ಒಪ್ಪಂದದಡಿ’ ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದರು. ಯಾರಿಗಾಗಿ ಬೇಲಿ ಹಾಕಿದರೋ ಅವಳನ್ನೇ ಹೊರಗೆ ನಿಲ್ಲಿಸಿದ್ದರು. “ಹಳೇದರಾಗ ಶುರು ಮಾಡಿದವರೂ ಅಂತ ಸೇರಸೂಣ್ರಿ.”

“ಸೇರಸ್ರಿ, ಆದರ ಎರಡೂ ಕಡೆ. ಇಲ್ಲಿ ಸಂಶೋಧನೆಗೆ ಬಂದಿದ್ದ ನಮ್ಮ ಪೂನಮ್‌ಗ ಒಪ್ಪಂದ ಮುರೀತಂತ ಹಾಸ್ಟೆಲ್ ಖಾಲಿ ಮಾಡು ಅಂದವರು ನೀವ. ಆಕಿದೂ ಅರ್ಧಕ್ಕ ನಿಂತೈತಿ.”

ನಾಗರತ್ನಾಗೆ ಇದು ಗೊತ್ತೇ ಇರಲಿಲ್ಲ. ಕೇಳಿ ತಿಳಿಯಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಮರೇಶ ಗಡಿಯಾರ ನೋಡಿದರು. “ಈಗ ತಿದ್ದಿದ್ರ ಮತ್ತ ಕಾನೂನು ವಿಭಾಗಕ್ಕ ಹೋಗಬೇಕ್ರಿ. ಶುಕ್ರವಾರ ತಪ್ಪತೈತಿ. ಸಹಿ ಆಗ್ಲಿ, ಆಮ್ಯಾಲ ನೋಡೂಣು.”

“ಆಮ್ಯಾಲ ನೋಡೂಣು ಅಂತನ ಹಳೇದು ಮಾಡಿದ್ವಿ ಸರ್. ತಿದ್ದದ ಇದಕ್ಕ ನಾ ಶಿಫಾರಸು ಬರಿಯೂದಿಲ್ಲ,” ಎಂದರು ನಾಗರತ್ನಾ.

“ಕುಲಪತಿಗಳಿಗೆ ಏನ್ ಹೇಳ್ಲಿ? ಹಾಸ್ಟೆಲ್‌ನ್ಯಾಗ ಖೋಲಿ ಎಲ್ಲಿಂದ ತರ್ಲಿ?” ಅಮರೇಶ ಮುಖ ಗಂಟಿಕ್ಕಿದರು.

“ನನ್ನ ಹೆಸರು ಹೇಳ್ರಿ. ಖೋಲಿ ನಾ ಹುಡುಕತೇನಿ.”

ಸಮಾರಂಭ ಮುಂದೆ ಹೋಯಿತು. ಕುಲಪತಿಗಳು ಕೆಲ ದಿನ ನಾಗರತ್ನಾರ ನಮಸ್ಕಾರಕ್ಕೆ ತಲೆ ಆಡಿಸಲಿಲ್ಲ. ತಿದ್ದಿದ ಪ್ರತಿಗೆ ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಭಾಗ್ಯಶ್ರೀ ಪುಣೆಯ ರೈಲು ಹತ್ತಿದಳು. ನಿಪ್ಪಾಣಿಯ ಪೂನಮ್ ಧಾರವಾಡಕ್ಕೆ ಬಂದಳು.

ನಾಗರತ್ನಾ ತಾವೇ ಅವಳನ್ನು ಕೋಣೆಗೆ ಕರೆದೊಯ್ದರು. ಪೂನಮ್ ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು.

“ಈ ಸಲ ಎಷ್ಟ ದಿನಾರಿ ಮೇಡಂ?”

“ನಿನ್ನ ಕೆಲಸ ಮುಗಿಯೂತನಕ.”

“ಹೋದ ಸಲಾನೂ ನಿಮ್ಮವರು ಹಂಗ ಅಂದಿದ್ರು.”

“ಹೋದ ಸಲ ಬರೇ ಅಂದಿದ್ವಿ. ಈ ಸಲ ಒಪ್ಪಂದದಾಗ ಬರದೇವಿ.”

ಪೂನಮ್ ಒಳಗೆ ಬಂದು ಚೀಲ ಬಿಚ್ಚಿದಳು.