ಭಾವನ ಸ್ಪೀಡ್ ಟೆಸ್ಟ್

ನಮ್ಮ ಭಾವ ಮಿಕ್ಸಿ, ಫ್ಯಾನು ರಿಪೇರಿ ಮಾಡುವವರು. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದರೆ ಕೈಹಾಕದೆ ಬಿಡುವವರಲ್ಲ. ಆ ಭಾನುವಾರ ಕೆಟ್ಟಿದ್ದು ನನ್ನ ಪಿಂಗ್.

ಪಿಂಗ್ ಎಂದರೆ ನಾನು ಫೋನಿನ ಪರದೆ ಒತ್ತಿದ ಸುದ್ದಿ ಆನ್‌ಲೈನ್ ಶೂಟಿಂಗ್ ಗೇಮಿನ ಸರ್ವರ್ ಮುಟ್ಟಿ ಉತ್ತರ ಬರಲು ಹಿಡಿಯುವ ಹೊತ್ತು. ಅದು ಐವತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ನಾನು ಹುಲಿ. ಮುನ್ನೂರು ದಾಟಿತೋ, ನನ್ನ ಗುಂಡು ಹೊರಡುವಷ್ಟರಲ್ಲಿ ನಾನೇ ಸತ್ತಿರುತ್ತೇನೆ. ಹೀಗೆ ತಡವಾಗುವುದಕ್ಕೆ ಲ್ಯಾಗ್ ಅನ್ನುತ್ತಾರೆ; ಟೀಮಿನಲ್ಲಿ ನನಗೆ ‘ಲ್ಯಾಗಮ್ಮ’ ಅಂತಲೇ ಹೆಸರು.

ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: “ಇವತ್ತಿನ ಮೂರು ಆಟದಲ್ಲೂ ಹೀಗೇ ಆದ್ರೆ ನಿನ್ನ ಜಾಗಕ್ಕೆ ಬೇರೆಯವಳನ್ನ ತಗೋತೀನಿ. ಬೇಜಾರು ಮಾಡ್ಕೋಬೇಡ ಕಣೇ.”

ಬೇಜಾರಾಗದೆ ಇರುತ್ತದೆಯೇ? ವಾರವಿಡೀ ಹೊಲಿಗೆ ಮಷೀನು ತುಳಿಯುವವಳಿಗೆ ಇರುವುದು ಅದೊಂದೇ ಖುಷಿ.

ನನ್ನ ಸಿಮ್‌ಗೆ ಮನೆಯೊಳಗೆ ಸಿಗ್ನಲ್ ಅಷ್ಟಕ್ಕಷ್ಟೇ. ಭಾವನದು ಬೇರೆ ಕಂಪನಿ; ಅದರ ಟವರ್ ಅಡುಗೆಮನೆ ಕಿಟಕಿಗೆ ಎದುರಾಗಿಯೇ ಇದೆ. ಅವರ ಫೋನನ್ನು ಕಿಟಕಿಯಲ್ಲಿಟ್ಟು, ಹಾಟ್‌ಸ್ಪಾಟ್ ಹಾಕಿ, ನಾನು ಕೆಳಗೇ ಕೂತೆ. ಅದು 5ಜಿಗೂ 4ಜಿಗೂ ಓಲಾಡುತ್ತಿತ್ತು, 4ಜಿಯಲ್ಲೇ ನಿಲ್ಲಿಸಿದೆ. ಎರಡೂ ಫೋನಿನಲ್ಲಿ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲ ಬಂದ್. ಪಿಂಗ್ ನಲವತ್ತೆಂಟಕ್ಕೆ ಇಳಿಯಿತು.

“ನೀನು ಆಡು ಪುಟ್ಟಿ, ನೆಟ್ ನಾನು ನೋಡ್ಕೋತೀನಿ,” ಎಂದು ಭಾವ ಕಿಟಕಿಯ ಹತ್ತಿರ ಕಾವಲು ನಿಂತರು.

ಮೊದಲ ಆಟ ಅರ್ಧಕ್ಕೆ ಬಂದಾಗ ಪಿಂಗ್ ನಾನೂರಕ್ಕೆ ಹಾರಿತು. ಸತ್ತೆ. ಎರಡನೆಯದೂ ಚೆನ್ನಾಗಿ ಸಾಗುತ್ತಿದ್ದಾಗ ಇದ್ದಕ್ಕಿದ್ದಂತೆ ಪಿಂಗಿನ ಅಂಕಿ ಕೆಂಪಾಯಿತು.

“ಹೋಯ್ತು ಭಾವ, ಮತ್ತೆ ಹೋಯ್ತು!”

“ಹೋಗೋದೇನು? ಸ್ಪೀಡು ಸಖತ್ತಾಗಿದೆ! ಆಗಾಗ ಈ ಫೋನಲ್ಲೇ ಸ್ಪೀಡ್ ಟೆಸ್ಟ್ ಮಾಡ್ತಾನೇ ಇದೀನಲ್ಲ, ಇದೋ ಈಗಲೂ ಮಾಡ್ದೆ.”

ನನಗೆ ಸಿಟ್ಟು, ನಗು ಒಟ್ಟಿಗೇ ಬಂದವು. “ಅಯ್ಯೋ ಭಾವ! ಸ್ಪೀಡ್ ಟೆಸ್ಟ್ ಅಂದ್ರೆ ಇರೋ ನೆಟ್ಟನ್ನೆಲ್ಲ ಒಂದೇ ಸಲ ಎಳೆದು ನೋಡೋದು. ನೀವು ಎಳೆದು ಮುಗಿಸೋವರೆಗೂ ನನ್ನ ಗುಂಡು ಹಿಂದೆ ಸಾಲಲ್ಲಿ ನಿಂತಿರುತ್ತೆ!”

ಭಾವನ ಮುಖ ಸಪ್ಪಗಾಯಿತು. “ಅಂದ್ರೆ ಕೆಡಿಸ್ತಿದ್ದದ್ದು ನಾನೇನಾ? ಈಗೇನು ಮಾಡ್ಲಿ?”

“ಏನೂ ಮಾಡ್ಬೇಡಿ.”

“ಅದೊಂದು ಅವರ ಕೈಲಾಗಲ್ಲ ಬಿಡು,” ಎಂದಳು ಒಲೆಯ ಮುಂದಿದ್ದ ಅಕ್ಕ.

ಉಳಿದದ್ದು ಒಂದೇ ಆಟ. ಭಾವ ನನ್ನ ಪಕ್ಕ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ನಡುವೆ ಪಿಂಗ್ ತೊಂಬತ್ತಕ್ಕೆ ಹೋದಾಗ ಒಂದು ಕೈ ಮೆಲ್ಲಗೆ ಹೊರಬಂತು. ಅಕ್ಕ ಕಣ್ಣು ಕೆಕ್ಕರಿಸಿದಳು. ಕೈ ವಾಪಸು ಹೋಯಿತು. ಪಿಂಗ್ ತಾನಾಗಿಯೇ ಐವತ್ತಕ್ಕೆ ಇಳಿಯಿತು, ಕೊನೆಯ ಇಬ್ಬರು ಎದುರಾಳಿಗಳನ್ನು ನಾನೇ ಹೊಡೆದೆ.

“ಭಲೇ! ಮುಂದಿನ ವಾರ ಬೇಗ ಬಾರೇ,” ಎಂದು ಹೆಡ್‌ಫೋನಿನಲ್ಲಿ ಕ್ಯಾಪ್ಟನ್ ಕೂಗಿದಳು. “ಅಂತೂ ನೆಟ್ ಸರಿ ಮಾಡಿದ್ದು ಯಾರೇ?”

ಭಾವ ಇನ್ನೂ ಕೈ ತೆಗೆದಿರಲಿಲ್ಲ. ತೆಗೆದರೆ ಎಲ್ಲಿ ಮತ್ತೆ ಕೆಡುವುದೋ ಎಂಬ ಹೆದರಿಕೆ. ಅವರ ಮೇಲೆ ನನಗೆ ಅಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ.

“ನಮ್ಮ ಭಾವ,” ಎಂದೆ.