ಹೇಳಿಕೊಂಡಿದ್ದಾರೆ, ತೋರಿಸಿದ್ದಾರೆ

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಂದಿರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನು ಅಡಿಟಿಪ್ಪಣಿ ಸಮೇತ ಬರೆದಿಟ್ಟವರು ಮಾತ್ರ ನಮ್ಮ ಮೇಷ್ಟ್ರೊಬ್ಬರೇ ಇರಬೇಕು.

ಗಂಡ ಹೆಂಡತಿ ಇಬ್ಬರೂ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುವವರು. ಮಕ್ಕಳು ಓದು ಕಲಿಯುವುದು ಹೇಗೆ ಎಂಬುದೇ ಇಬ್ಬರ ವಿಷಯ. ಮಕ್ಕಳು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಓದಬೇಕು ಎಂದು ಮೇಷ್ಟ್ರು ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದರು. ಅವರ ಗುರುಗಳೂ ಅದನ್ನೇ ಹೇಳಿದ್ದರು. ಹೀಗಿರುವಾಗ ಹೆಂಡತಿ ನಲವತ್ತು ತರಗತಿಗಳಲ್ಲಿ ಎರಡು ವರ್ಷ ಕೂತು ಪರೀಕ್ಷೆ ಮಾಡಿ, ಜೋಡಿಯಾಗಿ ಕೂತು ಗಟ್ಟಿಯಾಗಿ ಓದಿದ ಮಕ್ಕಳಿಗೇ ಹೆಚ್ಚು ನೆನಪಿರುತ್ತದೆ ಎಂದು ಒಂದು ಲೇಖನ ಬರೆದಳು. ಅದು ಅಚ್ಚಾಗಿ ಮೂರು ವರ್ಷ, ಅಂದಿನಿಂದ ಮನೆಯ ಫೋನು ಅವಳದ್ದಾಯಿತು. ಮೇಷ್ಟ್ರು ಎತ್ತಿದರೆ ಆ ಕಡೆಯಿಂದ, "ಮೇಡಂ ಇದಾರಾ?" ಅವರ ಸ್ವಂತ ತಾಯಿಯೇ ಬಂದವರಿಗೆಲ್ಲ ಸೊಸೆಯ ಲೇಖನ ತೆಗೆದು ತೋರಿಸುತ್ತಿದ್ದರು. ಮಗನ ಲೇಖನ ಎಲ್ಲಿದೆ ಎಂದು ಆ ತಾಯಿಗೆ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಹೊಸ ಶಿಕ್ಷಕರಿಗಾಗಿ ಒಂದು ಕೈಪಿಡಿ ಬರುವುದಿತ್ತು. ಓದಿನ ಬಗ್ಗೆ ಈವರೆಗೆ ಯಾರು ಏನು ಹೇಳಿದ್ದಾರೆ ಎಂದು ಒಟ್ಟು ಮಾಡುವ ಅಧ್ಯಾಯ ಬರೆಯಲು ಸಂಪಾದಕಿ ಕೇಳಿದ್ದು ಮೇಷ್ಟ್ರನ್ನು. ಅವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಶುಕ್ರವಾರದೊಳಗೆ ಅಧ್ಯಾಯ ಒಪ್ಪಿಗೆಯಾಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು ಆಕೆ. ಆ ಬೇರೆಯವರು ಯಾರಾಗಬಹುದು ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ಹೆಂಡತಿಯ ಲೇಖನ ಬಿಟ್ಟು ಅಧ್ಯಾಯ ಬರೆಯುವಂತಿರಲಿಲ್ಲ. ಮೇಷ್ಟ್ರು ಅದನ್ನು ನಾಲ್ಕು ಸಲ ಓದಿ ಮೊಸರಲ್ಲಿ ಕಲ್ಲು ಹುಡುಕಿದರು. ಸಿಗಲಿಲ್ಲ. ಕೊನೆಗೆ ಅವಳ ಮಾತನ್ನು ಒಂದಕ್ಷರ ತಿರುಚದೆ, ಪುಟಸಂಖ್ಯೆಯನ್ನೂ ಸರಿಯಾಗಿ ಕೊಟ್ಟು, ವಾಕ್ಯದ ಬಾಲದಲ್ಲಿ ಮಾತ್ರ ಕೈಚಳಕ ತೋರಿಸಿದರು. ಗುರುಗಳು ಹೀಗೆಂದು 'ತೋರಿಸಿಕೊಟ್ಟಿದ್ದಾರೆ'. ಪ್ರಸ್ತುತ ಲೇಖಕರು, ಅಂದರೆ ತಾವೇ, 'ಸ್ಥಾಪಿಸಿದ್ದಾರೆ'. ಹೆಂಡತಿ? ಗಟ್ಟಿ ಓದಿನಿಂದ ನೆನಪು ಹೆಚ್ಚುತ್ತದೆ ಎಂದು 'ಹೇಳಿಕೊಂಡಿದ್ದಾರೆ'. ತಮ್ಮ ಅಧ್ಯಯನ ಪಟ್ಟಣದ ಶಾಲೆಗಳಿಗಷ್ಟೇ ಸೀಮಿತ ಎಂದು 'ಒಪ್ಪಿಕೊಂಡಿದ್ದಾರೆ'. ಬರೆದು ಮುಗಿಸಿದಾಗ ಮೇಷ್ಟ್ರಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾಯಿತು.

"ನಂದನ್ನೂ ಸೇರಿಸಿದೀರೇನ್ರೀ?" ಬಟ್ಟೆ ಮಡಚುತ್ತಾ ಹೆಂಡತಿ ಕೇಳಿದಳು.

"ಸೇರಿಸ್ದೇ ಇರ್ತೀನಾ? ಎರಡು ಕಡೆ ಇದೆ," ಎಂದರು ಮೇಷ್ಟ್ರು, ಅವಳ ಮುಖ ನೋಡದೆ. ಅವಳು ನಿಜವಾಗಿಯೂ ಖುಷಿಪಟ್ಟಳು.

ಗುರುವಾರ ಸಂಪಾದಕಿ ಕಚೇರಿಗೆ ಬರಹೇಳಿದರು. ಪುಸ್ತಕ ತಿದ್ದುವುದರಲ್ಲೇ ಕೂದಲು ನರೆತ ಹೆಂಗಸು. ಮೇಜಿನ ಮೇಲೆ ಅಧ್ಯಾಯದ ಹಾಳೆಗಳಿದ್ದವು. ಅವುಗಳಲ್ಲಿ ಹೆಸರು ಬಂದ ಕಡೆಯಲ್ಲೆಲ್ಲ ಬಿಳಿ ಕಾಗದದ ಚೂರು ಅಂಟಿಸಿತ್ತು.

"ಇದು ನನ್ನ ಅಭ್ಯಾಸ," ಎಂದರು ಆಕೆ. "ಹೆಸರು ಮುಚ್ಚಿ ಓದ್ತೀನಿ. ಆಗ ಬರೆದವರು ಯಾರ ಕಡೆ ಅಂತ ಗೊತ್ತಾಗತ್ತೆ. ಆಮೇಲೆ ಮೂಲ ಲೇಖನಗಳನ್ನ ತೆಗೆದು ನೋಡ್ತೀನಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ನಲವತ್ತು ತರಗತಿಯವರಿಗೂ ನಿಮಗೂ ಏನಾದ್ರೂ ಹಳೇ ಜಗಳ ಇದೆಯಾ?"

ಹೆಂಡತಿ ತವರಿನ ಹೆಸರಿನಲ್ಲೇ ಬರೆಯುತ್ತಿದ್ದುದರಿಂದ ಸಂಪಾದಕಿಗೆ ಸಂಬಂಧ ತಿಳಿದಿರಲಿಲ್ಲ. "ಛೆ ಛೆ, ಜಗಳ ಯಾಕೆ," ಎಂದರು ಮೇಷ್ಟ್ರು. ಆ ಮಾತು ಸುಳ್ಳೇನಲ್ಲ.

"ಮತ್ತೆ 'ಹೇಳಿಕೊಂಡಿದ್ದಾರೆ' ಯಾಕೆ? ಹಾಗಂದ್ರೆ, ಅವರೇನೋ ಹೇಳಿದಾರೆ, ನಾನು ಜವಾಬ್ದಾರನಲ್ಲ ಅಂತ. ನಿಮಗೆ ಅನುಮಾನ ಇದ್ರೆ ಕಾರಣ ಬರೀರಿ, ಆ ಪದ ಹಾಗೇ ಇರಲಿ."

ಆಕೆ ಮುಂದಿನ ಸಾಲಿಗೆ ಬೆರಳಿಟ್ಟರು.

"ಈ 'ಒಪ್ಪಿಕೊಂಡಿದ್ದಾರೆ' ನೋಡಿ. ಯಾರೋ ಆಕ್ಷೇಪ ಎತ್ತಿರಬೇಕು, ಇಲ್ಲಾ ತಮ್ಮ ವಾದಕ್ಕೇ ಪೆಟ್ಟು ಬೀಳೋ ಮಾತಾಗಿರಬೇಕು, ಆಗ ಒಪ್ಪಿಕೊಳ್ಳೋದು. ಇವರು ಪಟ್ಟಣದ ಶಾಲೆ ಮಾತ್ರ ಅಂತ ಮೊದಲನೇ ಪುಟದಲ್ಲೇ ತಾವಾಗಿ ಹೇಳಿದಾರೆ. ಅದು 'ಸ್ಪಷ್ಟಪಡಿಸಿದ್ದಾರೆ'. ಇನ್ನು ನಿಮ್ಮ ಗುರುಗಳು ಲೆಕ್ಕ ಕೊಟ್ಟಿಲ್ಲ, ಬರೀ ತರ್ಕ. ಅದಕ್ಕೆ 'ವಾದಿಸಿದ್ದಾರೆ' ಅಂದ್ರೆ ಅವರಿಗೇನೂ ಅವಮಾನ ಅಲ್ಲ. ನಿಮ್ಮದು ಒಂದೇ ತರಗತಿ, ಮೂರು ತಿಂಗಳು. ಅದನ್ನ 'ಸ್ಥಾಪಿಸಿದ್ದಾರೆ' ಅಂತ ಬೇರೆ ಯಾರಾದ್ರೂ ಬರೆದಿದ್ರೆ ನೀವು ಒಪ್ತಿದ್ರಾ?"

ಆಕೆ ಪೆನ್ಸಿಲು ಕೊಟ್ಟು, ಅರ್ಧ ಗಂಟೆ ಬಿಟ್ಟು ಬರುತ್ತೇನೆಂದು ಹೊರಟುಹೋದರು.

ಮೇಷ್ಟ್ರು ಒಬ್ಬರೇ ಕೂತರು. 'ಹೇಳಿಕೊಂಡಿದ್ದಾರೆ' ಹೊಡೆದು 'ತೋರಿಸಿದ್ದಾರೆ' ಎಂದು ಬರೆದರೆ ಅಲ್ಲಿಗೆ ಮುಗಿಯುವುದಿಲ್ಲ. 'ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ' ಎಂಬ ಅಧ್ಯಾಯದ ಕೊನೆಯ ವಾಕ್ಯ ಬಿದ್ದುಹೋಗುತ್ತದೆ. ಪಟ್ಟಣದ ಶಾಲೆಗಳ ಮಟ್ಟಿಗಾದರೂ ಇತ್ಯರ್ಥವಾಗಿದೆ, ಮಾಡಿದವಳು ಇವಳು. ಹದಿನೈದು ವರ್ಷ ತಾವು ತಯಾರು ಮಾಡಿ ಕಳಿಸಿದ ಶಿಕ್ಷಕರು ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದರೋ. ಪೆನ್ಸಿಲು ಕೆಳಗಿಟ್ಟು ಎದ್ದು ಹೋಗಿಬಿಡಲೇ ಎನ್ನಿಸಿತು. ಹೋದರೆ ಅಧ್ಯಾಯ ಅವಳ ಪಾಲು. ಇದ್ದರೆ ಅವಳನ್ನು ಹೊಗಳಬೇಕು. ಎತ್ತ ಹೋದರೂ ಅವಳೇ! ಮೇಷ್ಟ್ರ ಕಣ್ಣಲ್ಲಿ ಸಿಟ್ಟಿಗೆ ನೀರೇ ಬಂತು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೊಡೆದು ತಿದ್ದಿದರು. ತಮ್ಮದಕ್ಕೆ 'ಸೂಚಿಸಿದ್ದಾರೆ' ಎಂದು ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು.

ಸಂಪಾದಕಿ ಬಂದು ಓದಿ ತಲೆದೂಗಿದರು. "ಈಗ ನಂಬಬಹುದು. ಅಧ್ಯಾಯ ತಗೊಂಡೆ. ಈಕೆ ಕೈಲೂ ಒಂದು ಬರೆಸ್ಬೇಕು. ನಂಬರ್ ಸಿಗಬಹುದಾ?"

ಮೇಷ್ಟ್ರು ಹತ್ತೂ ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದರು. ಆಕೆ ಕನ್ನಡಕ ತೆಗೆದು ಅವರ ಮುಖವನ್ನೇ ನೋಡಿದರು.

"ನಮ್ಮನೆಯವಳು," ಎಂದರು ಮೇಷ್ಟ್ರು.

ಸಂಪಾದಕಿ ನಗಲಿಲ್ಲ. ಒಂದು ಪ್ರತಿ ತೆಗೆದಿಟ್ಟುಕೊಂಡು ತಿದ್ದಿದ ಹಾಳೆಗಳನ್ನು ಅವರ ಕೈಗೆ ಕೊಟ್ಟರು.

ಸಂಜೆ ಮನೆಗೆ ಬಂದಾಗ ಹೆಂಡತಿ ಅಧ್ಯಾಯಕ್ಕಾಗಿ ಕೈಚಾಚಿದಳು. ಬಚ್ಚಿಡಬಹುದಿತ್ತು. ಯಾಕೋ ಮೇಷ್ಟ್ರು ಕೊಟ್ಟುಬಿಟ್ಟರು. ಅವಳು ನಿಂತುಕೊಂಡೇ ಓದಿದಳು. ಪೆನ್ಸಿಲಿನ ಗೆರೆಯ ಕೆಳಗೆ ಅಚ್ಚಾದ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಎರಡನೆಯ ಪುಟಕ್ಕೆ ಬಂದವಳು ಕುರ್ಚಿ ಎಳೆದು ಕೂತಳು.

"ಇದನ್ನ ನೀವಾಗಿ ತಿದ್ದಿದ್ರಾ, ಅವರು ಹೇಳಿದ್ರಾ?"

"ಅವರು ಹೇಳಿದ್ರು."

"ನನ್ನ ಲೇಖನ ನೀವೂ ಓದಿದೀರಲ್ಲ. ನಿಮಗೇನನ್ನಿಸ್ತು?"

"ಸರಿ ಇದೆ ಅನ್ನಿಸ್ತು." ಮೇಷ್ಟ್ರು ಎದುರಿನ ಕುರ್ಚಿಯಲ್ಲಿ ಕೂತರು. "ಮೊದಲನೇ ಸಲ ಓದಿದಾಗ್ಲೇ ಅನ್ನಿಸ್ತು. ಹೊಟ್ಟೆಕಿಚ್ಚು ಕಣೇ, ಇನ್ನೇನಿಲ್ಲ."

ಅವಳು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು.

"ಅನುಮಾನ ಇದೆ ಅಂತ ಬರೆದ್ರಲ್ಲ, ಅದಕ್ಕೆ ಬೇಜಾರಿಲ್ಲ," ಎಂದಳು. "ಮೂರು ವರ್ಷದಿಂದ ಯಾರ್‍ಯಾರೋ ಫೋನ್ ಮಾಡಿ ಚೆನ್ನಾಗಿದೆ ಅಂದ್ರು. ಪ್ರತಿ ಸಲ ಫೋನ್ ಇಟ್ಟು ನಿಮ್ಮ ಮುಖ ನೋಡ್ತಿದ್ದೆ. ಚೆನ್ನಾಗಿದೆ ಅಂತಾನೂ ಅನ್ನಲಿಲ್ಲ, ತಪ್ಪಿದೆ ಅಂತಾನೂ ಅನ್ನಲಿಲ್ಲ. ನೀವು ಅದನ್ನ ಓದೇ ಇಲ್ಲ ಅಂದ್ಕೊಂಡಿದ್ದೆ."